ಎತ್ತುವ ಮೊದಲು ಅಳೆಯಬೇಕು: ಉಲುಬುರುನ್ ಹಡಗಿನ ಮೂಲಕ ‘ಆಧಾರಗಳು’ ಪಾಠ

ಇತಿಹಾಸದ ಆಧಾರಗಳನ್ನು ಕಲಿಸುವಾಗ ನಾಣ್ಯ, ಶಾಸನ, ಸ್ಮಾರಕ, ಮಡಕೆ ಎಂದು ಪಟ್ಟಿ ಮಾಡಿಸಿ ಮುಂದಕ್ಕೆ ಹೋಗುವುದು ರೂಢಿ. ಒಂದು ವಸ್ತು ಎಲ್ಲಿ, ಯಾವುದರ ಪಕ್ಕದಲ್ಲಿ, ಯಾವುದರ ಕೆಳಗೆ ಸಿಕ್ಕಿತು ಎಂಬುದೂ ಒಂದು ಆಧಾರವೇ ಎಂಬ ಮಾತು ಆ ಪಟ್ಟಿಯಲ್ಲಿ ಬರುವುದಿಲ್ಲ. ಅಭ್ಯಾಸ ಬೋಧನೆಯ ಎರಡು ಅವಧಿಗಳನ್ನು ನಾನು ಈ ಒಂದು ಅಂಶಕ್ಕೆ ಮೀಸಲಿಟ್ಟೆ. ಉದಾಹರಣೆಗೆ ಆರಿಸಿಕೊಂಡದ್ದು ಟರ್ಕಿಯ ದಕ್ಷಿಣ ಕರಾವಳಿಯ ಉಲುಬುರುನ್ ಬಳಿ, ಕ್ರಿ.ಪೂ. 14ನೇ ಶತಮಾನದ ಕೊನೆಯ ಭಾಗದಲ್ಲಿ ಮುಳುಗಿದ ಸರಕು ಹಡಗು. ತರಗತಿ ಎಂಟನೆಯದು. ಬೋಧನಾ ಸಾಮಗ್ರಿ: ಮೂರು ಅಳತೆ ಟೇಪು, ಮೂರು ಮೊಳೆ, ಒಂದು ನಾಣ್ಯ, ಒಂದು ತಟ್ಟೆ ನೀರು, ಕೆಲವು ರಸ್ಕ್.

ಹಂತ 1: ಹುಡುಕುವುದು

1982ರಲ್ಲಿ ಮೆಹ್ಮೆತ್ ಚಾಕಿರ್ ಎಂಬ ಸ್ಪಂಜು ತೆಗೆಯುವ ಮುಳುಗುಗಾರ, ಕಡಲ ತಳದಲ್ಲಿ ‘ಕಿವಿಗಳಿರುವ ಲೋಹದ ಬಿಸ್ಕತ್ತು’ಗಳನ್ನು ಕಂಡುದಾಗಿ ಹೇಳಿದ. ಪುರಾತತ್ವಜ್ಞರು ಕರಾವಳಿಯ ಹಳ್ಳಿಗಳಿಗೆ ಹೋಗಿ, ಹಳೆಯ ಹಡಗುಗಳಲ್ಲಿ ಯಾವ ಯಾವ ವಸ್ತುಗಳಿರುತ್ತಿದ್ದವು ಎಂದು ಈ ಮುಳುಗುಗಾರರಿಗೆ ಚಿತ್ರ ತೋರಿಸಿ ವಿವರಿಸಿದ್ದರು. ಹಾಗಾಗಿ ಆ ‘ಬಿಸ್ಕತ್ತು’ ಏನೆಂದು ಗೊತ್ತಾಯಿತು. ಅದು ನಾಲ್ಕು ಮೂಲೆಗಳೂ ಹಿಡಿಕೆಯಂತೆ ಚಾಚಿಕೊಂಡಿದ್ದ ತಾಮ್ರದ ಗಟ್ಟಿ.

ಇಲ್ಲಿ ಒಬ್ಬ ವಿದ್ಯಾರ್ಥಿ, “ಸರ್, ಅದಕ್ಕೆ ಮಷೀನ್ ಇಲ್ವಾ?” ಎಂದು ಕೇಳಿದ. ಇದೆ. ದೋಣಿಯ ಹಿಂದೆ ಎಳೆದೊಯ್ಯುವ ಸೋನಾರ್ ಯಂತ್ರವು ಶಬ್ದ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ತಳದ ಚಿತ್ರ ಬಿಡಿಸುತ್ತದೆ. ಮ್ಯಾಗ್ನೆಟೋಮೀಟರ್ ಭೂಮಿಯ ಕಾಂತಕ್ಷೇತ್ರದಲ್ಲಿ ಕಬ್ಬಿಣ ಉಂಟುಮಾಡುವ ವ್ಯತ್ಯಾಸವನ್ನು ಗುರುತಿಸುತ್ತದೆ. ಆದರೆ ಉಲುಬುರುನ್ ಹಡಗು ಕಂಚಿನ ಯುಗದ್ದು; ಅದರ ಸರಕು ತಾಮ್ರ ಮತ್ತು ತವರ. ಮ್ಯಾಗ್ನೆಟೋಮೀಟರ್‌ಗೆ ಅದು ಕಾಣದು. ಕಲ್ಲುಬಂಡೆಗಳ ಇಳಿಜಾರಿನಲ್ಲಿ ಬಿದ್ದಿದ್ದರಿಂದ ಸೋನಾರ್ ಚಿತ್ರದಲ್ಲೂ ಬಂಡೆ ಯಾವುದು, ಸರಕಿನ ಗುಡ್ಡೆ ಯಾವುದು ಎಂದು ತಿಳಿಯುವುದು ಕಷ್ಟ. ಯಂತ್ರವನ್ನು ಆರಿಸುವ ಮೊದಲು ಹುಡುಕುತ್ತಿರುವುದು ಯಾವುದರಿಂದ ಆದದ್ದು ಎಂದು ಕೇಳಿಕೊಳ್ಳಬೇಕು ಎಂಬುದನ್ನು ಮಕ್ಕಳೇ ಹೇಳಿದರು.

ಹಂತ 2: ಅಳೆಯುವುದು

ಜಾರ್ಜ್ ಬಾಸ್ ಮತ್ತು ಜೆಮಾಲ್ ಪುಲಾಕ್ ಅವರ ನೇತೃತ್ವದಲ್ಲಿ 1984ರಿಂದ 1994ರವರೆಗೆ ಉತ್ಖನನ ನಡೆಯಿತು. ಹಡಗು ಬಿದ್ದಿದ್ದ ಆಳ ಸುಮಾರು 44 ಮೀಟರಿನಿಂದ ಆರಂಭ. ಅಷ್ಟು ಆಳದಲ್ಲಿ ಉಸಿರಿನ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ, ಬುದ್ಧಿಯೂ ಮಂಕಾಗುತ್ತದೆ. ಆದ್ದರಿಂದ ಒಬ್ಬರಿಗೆ ದಿನಕ್ಕೆ ಎರಡು ಸಲ, ಪ್ರತಿ ಸಲ ಸುಮಾರು 20 ನಿಮಿಷ ಮಾತ್ರ ಕೆಲಸ. ಒಟ್ಟು 22,413 ಮುಳುಗುಗಳಾದವು. ಮಂಕು ಕವಿದ ತಲೆಯಿಂದ, 20 ನಿಮಿಷದಲ್ಲಿ ಮಾಡಬೇಕಾದ ಅಳತೆಯ ವಿಧಾನ ಸರಳವಾಗಿರಲೇಬೇಕು. ಸ್ಥಿರ ಬಿಂದುಗಳಿಂದ ವಸ್ತುವಿಗೆ ಟೇಪು ಹಿಡಿದು ದೂರ ಬರೆದುಕೊಳ್ಳುವುದೇ ಆ ವಿಧಾನ.

ಇದನ್ನು ಮೇಜಿನ ಮೇಲೆ ಮಾಡಿ ತೋರಿಸಿದೆ. ಮೇಜಿನ ಒಂದು ಅಂಚಿನಲ್ಲಿ ಅ ಮತ್ತು ಆ ಎಂಬ ಮೊಳೆಗಳು, ನಡುವಿನ ಅಂತರ 100 ಸೆಂ.ಮೀ. ನಾಣ್ಯವು ಅ-ಯಿಂದ 60, ಆ-ಯಿಂದ 80 ಸೆಂ.ಮೀ. ದೂರದಲ್ಲಿದೆ. ಮಕ್ಕಳು 1:10 ಪ್ರಮಾಣದಲ್ಲಿ, ಅಂದರೆ 10 ಸೆಂ.ಮೀ. ಗೆರೆ ಎಳೆದು, ಕೈವಾರದಿಂದ 6 ಮತ್ತು 8 ಸೆಂ.ಮೀ. ಕಂಸಗಳನ್ನು ಬಿಡಿಸಿದರು. ಎರಡೂ ಕಂಸ ಕೂಡಿದ ಜಾಗವೇ ನಾಣ್ಯ. ಅಳೆದು ನೋಡಿದರೆ ಅದು ಅ-ಯಿಂದ ಗೆರೆಯುದ್ದಕ್ಕೂ 3.6, ಗೆರೆಯಿಂದ ಒಳಕ್ಕೆ 4.8 ಸೆಂ.ಮೀ.; ಎಂದರೆ ಮೇಜಿನ ಮೇಲೆ 36 ಮತ್ತು 48. ಬಳಿಕ ಅ-ಗೆ ನೇರ ಎದುರಿಗೆ, 100 ಸೆಂ.ಮೀ. ಆಚೆ ಮೂರನೇ ಮೊಳೆ ಇ ಹೊಡೆದು ಅಲ್ಲಿಂದ ಅಳೆಸಿದೆ. 63 ಸೆಂ.ಮೀ.ಗಿಂತ ತುಸು ಹೆಚ್ಚು ಬಂತು. ಆ ಕಂಸವೂ ಅದೇ ಬಿಂದುವಿನಲ್ಲಿ ಹಾದುಹೋಯಿತು.

ಆಮೇಲೆ ಒಂದು ಟೇಪನ್ನು ಬೇಕೆಂದೇ ಸಡಿಲ ಬಿಟ್ಟು ಅಳೆಸಿದೆ. ಮೂರು ಕಂಸಗಳು ಕೂಡಲಿಲ್ಲ. ನಡುವೆ ಸಣ್ಣದೊಂದು ತ್ರಿಕೋನ ಉಳಿಯಿತು. ನೀರಿನಡಿ ಆಗುವುದೂ ಇದೇ. ಸೆಳೆತಕ್ಕೆ ಟೇಪು ಬಿಲ್ಲಿನಂತೆ ಬಾಗಿ ದೂರವನ್ನು ಯಾವಾಗಲೂ ಹೆಚ್ಚಾಗಿಯೇ ತೋರಿಸುತ್ತದೆ. ತಪ್ಪಿದೆ ಎಂದು ಹೇಳುವುದು ಆ ಹೆಚ್ಚುವರಿ ಅಳತೆ. ಮೇಜು ಸಮತಟ್ಟಾದ್ದರಿಂದ ಮೂರನೆಯದು ತಾಳೆ ನೋಡಲು ಸಿಕ್ಕಿತು. ಉಲುಬುರುನ್‌ನಂಥ ಇಳಿಜಾರಿನಲ್ಲಿ ಎತ್ತರವೂ ಗೊತ್ತಾಗಬೇಕು. ಮೂರನೆಯದು ಅದಕ್ಕೇ ಖರ್ಚಾಗುತ್ತದೆ, ತಾಳೆಗೆ ನಾಲ್ಕನೆಯದು ಬೇಕು.

ಇಷ್ಟು ಶ್ರಮದಿಂದ ಸಿಕ್ಕಿದ್ದೇನು? ಹಡಗಿನ ಮರ ಬಹುಪಾಲು ಹೋಗಿತ್ತು. ಆದರೆ 354 ತಾಮ್ರದ ಗಟ್ಟಿಗಳ ನಕ್ಷೆ ನೋಡಿದಾಗ, ಅವು ಹಡಗಿಗೆ ಅಡ್ಡವಾಗಿ ನಾಲ್ಕು ಸಾಲಿನಲ್ಲಿ, ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಒರಗಿಕೊಂಡಿದ್ದುದು ತಿಳಿಯಿತು. ಹೀಗೆ ಜೋಡಿಸಿದರೆ ಹಡಗು ಓಲಾಡಿದಾಗ ಸರಕು ಜಾರದು. ಹಡಗಿನ ತಳಕ್ಕೆ ಪೆಟ್ಟಾಗದಂತೆ ಗಟ್ಟಿಗಳಡಿ ಕುರುಚಲು ಸೊಪ್ಪುಕಡ್ಡಿಯ ಹಾಸನ್ನೂ ಹಾಕಿದ್ದರು.

ಹಂತ 3: ಎತ್ತುವುದು

ಹೂಳು ತೆಗೆಯಲು ಏರ್‌ಲಿಫ್ಟ್ ಎಂಬ ದಪ್ಪ ಕೊಳವೆ ಇರುತ್ತದೆ. ಅದರ ಕೆಳತುದಿಗೆ ಗಾಳಿ ಬಿಟ್ಟರೆ ಗುಳ್ಳೆಗಳು ಮೇಲೇರುತ್ತ ನೀರನ್ನೂ ಮರಳನ್ನೂ ಎಳೆದೊಯ್ಯುತ್ತವೆ. ಕೊಳವೆಯ ಬಾಯನ್ನು ವಸ್ತುವಿನ ಮೇಲೆ ಹಿಡಿಯುವಂತಿಲ್ಲ. ಕೈಯಿಂದ ಬೀಸಿ ಹೂಳನ್ನು ಎಬ್ಬಿಸಿ, ಆ ಕದಡಿದ ನೀರನ್ನಷ್ಟೇ ಕೊಳವೆ ಎಳೆದುಕೊಳ್ಳಬೇಕು.

ತಾಮ್ರವೆಂದರೆ ಗಟ್ಟಿ ಎಂದೇ ಮಕ್ಕಳ ಭಾವನೆ. ಮೂರು ಸಾವಿರ ವರ್ಷ ಉಪ್ಪುನೀರಿನಲ್ಲಿದ್ದ ಕೆಲವು ಗಟ್ಟಿಗಳು ಒಳಗೆ ಪುಡಿಯಾಗಿದ್ದವು. ನೀರಿನಡಿಯಲ್ಲೇ ನಿಧಾನವಾಗಿ ಬಿಗಿಯುವ ಅಂಟನ್ನು ಅವುಗಳೊಳಗೆ ತುಂಬಿ, ಅದು ಗಟ್ಟಿಯಾಗಲು ಒಂದು ವರ್ಷ ಬಿಟ್ಟು, ಮುಂದಿನ ಋತುವಿನಲ್ಲಿ ಎತ್ತಿದರು.

ಇಲ್ಲಿ ರಸ್ಕ್ ಪ್ರಯೋಗ. ನೆನೆದ ರಸ್ಕನ್ನು ಬೆರಳಿನಿಂದ ಹಿಡಿದೆತ್ತಿದರೆ ಮುರಿಯಿತು. ನೀರಿನಲ್ಲೇ ಅದರಡಿಗೆ ರಟ್ಟು ಸರಿಸಿ ಎತ್ತಿದರೆ ಇಡಿಯಾಗಿ ಬಂತು. ನೀರು ತನ್ನ ತೇಲುಬಲದಿಂದ ವಸ್ತುವನ್ನು ಹೊತ್ತಿರುತ್ತದೆ. ನೀರಿನಿಂದ ಹೊರಬಂದ ಕ್ಷಣ ಪೂರ್ತಿ ಭಾರ ಅದರ ಮೇಲೆಯೇ ಬೀಳುತ್ತದೆ. ಈ ಪ್ರಯೋಗಕ್ಕೆ ಒಂದು ಮಿತಿ ಇದೆ, ಅದನ್ನೂ ತರಗತಿಯಲ್ಲಿ ಹೇಳಬೇಕು. ರಸ್ಕ್ ಒಣಗಿದರೆ ಮತ್ತೆ ಗಟ್ಟಿಯಾಗುತ್ತದೆ. ಕಡಲಿನ ಮರ ಹಾಗಲ್ಲ. ಅದರ ಕೋಶಭಿತ್ತಿ ಕರಗಿ, ಆಕಾರವನ್ನು ಹಿಡಿದಿರುವುದು ಒಳಗಿನ ನೀರೇ. ನೀರು ಆರಿದರೆ ಮರ ಕುಗ್ಗಿ ಸೀಳುತ್ತದೆ. ಮಡಕೆಯಾದರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಮೈ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಎತ್ತಿದ್ದನ್ನು ನೀರಿನಲ್ಲೇ ಇಟ್ಟು, ಸಿಹಿನೀರನ್ನು ಮತ್ತೆ ಮತ್ತೆ ಬದಲಿಸಿ ಉಪ್ಪನ್ನು ತೆಗೆಯುತ್ತಾರೆ. ಮರದಲ್ಲಿ ನೀರಿನ ಜಾಗಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ಸೇರಿಸುತ್ತಾರೆ.

ಇದಕ್ಕೆ ಉದಾಹರಣೆಯಾಗಿ ಮಡಚುವ ಹಲಗೆಯ ಚಿತ್ರ ತೋರಿಸಿದೆ. ದಾಳಿಂಬೆ ಇದ್ದ ಒಂದು ದೊಡ್ಡ ಹರವಿಯೊಳಗೆ ಸಿಕ್ಕಿದ ಪುಟ್ಟ ಮರದ ಹಲಗೆ ಅದು. ದಂತದ ಕೀಲು, ಮೇಣ ತುಂಬಿ ಬರೆಯಲು ತಗ್ಗು. ಮೇಣ ಹೋಗಿದೆ, ಬರಹವೂ ಹೋಗಿದೆ. ಹರವಿಯನ್ನು ಕಡಲಲ್ಲೇ ಬರಿದು ಮಾಡಿದ್ದರೆ ಹಲಗೆಯೂ ಹೋಗುತ್ತಿತ್ತು.

ಮೌಲ್ಯಮಾಪನ

ಕೊನೆಗೆ ಒಂದೇ ಪ್ರಶ್ನೆ ಕೊಟ್ಟೆ: “ನಕ್ಷೆ ಮಾಡದೆ ಎಲ್ಲ ಗಟ್ಟಿಗಳನ್ನೂ ಎತ್ತಿದ್ದರೆ ನಮಗೆ ಏನು ಉಳಿಯುತ್ತಿತ್ತು, ಏನು ಹೋಗುತ್ತಿತ್ತು?” ಬಹಳ ಮಂದಿ, ಸುಮಾರು ಹತ್ತು ಟನ್ ತಾಮ್ರ, ಒಂದು ಟನ್ ತವರ ಎಂಬ ಲೆಕ್ಕ ಉಳಿಯುತ್ತಿತ್ತು ಎಂದು ಬರೆದರು. ಒಬ್ಬ ವಿದ್ಯಾರ್ಥಿನಿಯ ಉತ್ತರ: “ತಾಮ್ರ ಉಳಿಯುತ್ತಿತ್ತು, ಅದನ್ನು ಜೋಡಿಸಿದವರ ಜಾಣತನ ಹೋಗುತ್ತಿತ್ತು.” ಈ ಪಾಠದ ಉದ್ದೇಶವೂ ಅಷ್ಟೇ ಆಗಿತ್ತು.