ಟಿ.ಬಿ. ಮಾತ್ರೆ ಶುರುವಾಗುವ ದಿನ

ಹಾನಗಲ್ ತಾಲ್ಲೂಕಿನ ಒಬ್ಬ ರೈತರ ಉದಾಹರಣೆ ತೆಗೆದುಕೊಳ್ಳೋಣ. ವಯಸ್ಸು 38, ತೂಕ 44 ಕಿಲೋ. ಒಂದೂವರೆ ತಿಂಗಳಿಂದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು. ಕಫ ಪರೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯ ಎಂದು ಗೊತ್ತಾಗಿದೆ. ಸಾಮಾನ್ಯ ಔಷಧಗಳಿಗೆ ಬಗ್ಗುವ ರೋಗಾಣು ಎಂಬುದೂ ತಿಳಿದಿದೆ. ಮೊದಲ ಮಾತ್ರೆ ನುಂಗುವ ಮುನ್ನ ಅವರನ್ನೂ ಅವರ ಮನೆಯವರನ್ನೂ ಕೂರಿಸಿಕೊಂಡು ಹೇಳಬೇಕಾದ ಮಾತುಗಳಿವು.

'ಎಷ್ಟ ದಿನಾ ನುಂಗಬೇಕ್ರಿ ಸಾಹೇಬ್ರ?' ಎಂಬುದೇ ಮೊದಲ ಪ್ರಶ್ನೆ.

'ಆರು ತಿಂಗಳ್ರಿ. ದಿನಾ ಒಂದ ಸಲ, ಒಂದ ಹೊತ್ತಿಗೆ. ನಿಮ್ಮ ತೂಕಕ್ಕ ಮೂರು ಮಾತ್ರಿ, ಮೂರೂ ಕೂಡೇ ನುಂಗಬೇಕು.'

ಹಿಂದೆ ಸರ್ಕಾರಿ ಕಾರ್ಯಕ್ರಮದಲ್ಲಿ ವಾರಕ್ಕೆ ಮೂರು ದಿನ ಮಾತ್ರೆ ಕೊಡುತ್ತಿದ್ದರು. 2017ರಿಂದ ದಿನವೂ ನುಂಗುವ ಪದ್ಧತಿ ದೇಶದಾದ್ಯಂತ ಬಂತು. ಮೊದಲ ಎರಡು ತಿಂಗಳು ಒಂದೇ ಮಾತ್ರೆಯಲ್ಲಿ ನಾಲ್ಕು ಔಷಧಗಳಿರುತ್ತವೆ, ನಂತರದ ನಾಲ್ಕು ತಿಂಗಳು ಮೂರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವುದು ಒಳ್ಳೆಯದು. ಹೊಟ್ಟೆ ತೊಳಸಿದರೆ ಸ್ವಲ್ಪ ತಿಂದು ನುಂಗಬಹುದು, ಆದರೆ ಬಿಡಬಾರದು. ಒಂದು ದಿನ ಮರೆತರೆ ಮರುದಿನ ಎರಡು ಪಟ್ಟು ನುಂಗುವುದು ಬೇಡ. ತಪ್ಪಿದ ದಿನಗಳನ್ನು ಕೊನೆಯಲ್ಲಿ ಸೇರಿಸಿ ಪೂರ್ತಿ ಮಾಡುತ್ತಾರೆ.

ಮೋಸ ಹೋಗುವ ಸಮಯ

ಎರಡು ಮೂರು ವಾರಕ್ಕೆ ಜ್ವರ ಇಳಿಯುತ್ತದೆ. ಎರಡನೇ ತಿಂಗಳಿಗೆ ಕೆಮ್ಮು ಕಡಿಮೆಯಾಗಿ ಹಸಿವು ಹೆಚ್ಚುತ್ತದೆ. 'ಆರಾಮ ಆಗೇತಿ, ಇನ್ಯಾಕ ಗುಳಿಗಿ?' ಎಂದು ಮನಸ್ಸಿಗೆ ಬರುವುದು ಆಗಲೇ. ಚುರುಕಾಗಿ ಬೆಳೆಯುವ ರೋಗಾಣುಗಳು ಮೊದಲ ತಿಂಗಳುಗಳಲ್ಲೇ ಸಾಯುತ್ತವೆ. ನಿದ್ರೆಯಲ್ಲಿರುವಂತೆ ಅಡಗಿ ಕುಳಿತವು ಉಳಿದಿರುತ್ತವೆ. ಕೊನೆಯ ನಾಲ್ಕು ತಿಂಗಳ ಮಾತ್ರೆ ಇರುವುದೇ ಅವಕ್ಕಾಗಿ. ನಡುವೆ ಬಿಟ್ಟರೆ ರೋಗ ಮರುಕಳಿಸಬಹುದು. ಬಿಟ್ಟು ಬಿಟ್ಟು ನುಂಗಿದರೆ ರೋಗಾಣು ಔಷಧಕ್ಕೆ ಜಗ್ಗದಂತಾಗಬಹುದು. ಆಗ ಬೇರೆ, ಇನ್ನೂ ಕಠಿಣವಾದ ಔಷಧಗಳೇ ಬೇಕು. ಆದ್ದರಿಂದ ಎರಡು ತಿಂಗಳಿಗೊಮ್ಮೆ ಮತ್ತು ಕೊನೆಗೊಮ್ಮೆ ಕಫ ಪರೀಕ್ಷೆ ಮಾಡಿಸಬೇಕು. ನಿಲ್ಲಿಸುವ ಮಾತು ವೈದ್ಯರೇ ಹೇಳಬೇಕು.

ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ದುಡಿಯಲು ಪರವೂರಿಗೆ ಹೋಗುವವರು ಮೊದಲೇ ಆಸ್ಪತ್ರೆಗೆ ತಿಳಿಸಬೇಕು. ನಿಕ್ಷಯ್ ಸಂಖ್ಯೆ ಜೊತೆಗಿದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಮಾತ್ರೆ ಮುಂದುವರಿಸಬಹುದು.

ಹೆದರಬೇಡಿ, ಆದರೆ ಕಡೆಗಣಿಸಬೇಡಿ

'ಮೂತ್ರ ಕೆಂಪಗ ಬರಾಕತ್ತೈತ್ರಿ, ರಕ್ತ ಹೊಂಟೈತೇನೋ!' ಎಂದು ಗಾಬರಿಯಾಗಿ ಬಂದು ಮಾತ್ರೆ ಬಿಟ್ಟವರಿದ್ದಾರೆ. ಅದು ರಿಫಾಂಪಿಸಿನ್ ಎಂಬ ಔಷಧದ ಬಣ್ಣ. ಬೆವರು, ಕಣ್ಣೀರಿಗೂ ಕಿತ್ತಳೆ ಛಾಯೆ ಬರಬಹುದು, ಹಾನಿಯಿಲ್ಲ. ಕೈಕಾಲು ಜೋಮು ಹಿಡಿದರೆ, ಕೀಲು ನೋವಾದರೆ ಮಾತ್ರೆ ಬಿಡದೆ ಬಂದು ತೋರಿಸಿ. ಜೋಮಿಗೆ ಬಿ-6 ವಿಟಮಿನ್ ಕೊಡುತ್ತೇವೆ.

ಆದರೆ ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿ ಮುಂದುವರಿದರೆ ಯಕೃತ್ತಿಗೆ ತೊಂದರೆಯಾಗಿರಬಹುದು. ದೃಷ್ಟಿ ಮಸುಕಾದರೆ, ಕೆಂಪು ಹಸಿರು ಬೇರೆ ತಿಳಿಯದಿದ್ದರೆ ಕಣ್ಣಿನ ನರಕ್ಕೆ ಪೆಟ್ಟಾಗಿರಬಹುದು. ಈ ಎರಡರಲ್ಲಿ ಯಾವುದಾದರೂ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿ. ಸಾರಾಯಿ ಯಕೃತ್ತಿನ ಕೆಲಸವನ್ನು ಇನ್ನಷ್ಟು ಕೆಡಿಸುತ್ತದೆ, ಆರು ತಿಂಗಳು ಮುಟ್ಟಬಾರದು. ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುವ ಹೆಣ್ಣುಮಕ್ಕಳಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಬೇರೆ ಉಪಾಯ ಕೇಳಿ ತಿಳಿಯಬೇಕು.

ತೂಕದ ಲೆಕ್ಕ

ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡಿನಲ್ಲಿ ಕ್ಷಯ ರೋಗಿಗಳಿಗೆ ಪಡಿ ಆಹಾರ ಕೊಟ್ಟು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡು ತಿಂಗಳಲ್ಲಿ ತೂಕ ನೂರಕ್ಕೆ ಐದರಷ್ಟು ಏರಿದವರಲ್ಲಿ ಸಾವಿನ ಅಪಾಯ ಸುಮಾರು ನೂರಕ್ಕೆ 60ರಷ್ಟು ಕಡಿಮೆ ಕಂಡಿತು. ನಮ್ಮ ರೈತರಿಗೆ ಅದು ಎರಡು ಕಿಲೋಗಿಂತ ತುಸು ಹೆಚ್ಚು, ಅಂದರೆ ಎರಡು ತಿಂಗಳಿಗೆ ತಕ್ಕಡಿ 46 ದಾಟಬೇಕು.

ಅದಕ್ಕೆ ಟಾನಿಕ್ ಬೇಕಿಲ್ಲ. ಎಂದಿನ ರೊಟ್ಟಿ, ಅನ್ನದ ಜೊತೆ ದಿನಕ್ಕೆರಡು ಹೊತ್ತು ಹೆಸರು ಅಥವಾ ಮಡಕಿ ಕಾಳಿನ ಪಲ್ಯ, ಶೇಂಗಾ, ಒಂದು ಲೋಟ ಹಾಲು, ತಿನ್ನುವವರಾದರೆ ಎರಡು ತತ್ತಿ ಸಾಕು. ಒಮ್ಮೆಲೆ ಸೇರದಿದ್ದರೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ತಿನ್ನಿ. 'ಟಿ.ಬಿ. ಆದವರು ಮೊಸರು ತಿನ್ನಬಾರದು' ಎಂಬ ಪಥ್ಯಕ್ಕೆ ಆಧಾರವಿಲ್ಲ. ಚಿಕಿತ್ಸೆ ಇರುವವರೆಗೆ ಸರ್ಕಾರ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಹಾಕುತ್ತದೆ. 2024ರ ನವೆಂಬರ್‌ಗೆ ಮುನ್ನ ಅದು 500 ಇತ್ತು. ಪಾಸ್‌ಬುಕ್ ಪ್ರತಿಯನ್ನು ಮೊದಲ ದಿನವೇ ಕೊಟ್ಟುಬಿಡಿ.

ಕೊನೆಗೆ ಮನೆಯವರಿಗೊಂದು ಮಾತು. ತಾಟು, ಲೋಟ ಬೇರೆ ಇಡುವುದು ಬೇಡ. ರೋಗ ಹರಡುವುದು ಕೆಮ್ಮಿನ ಗಾಳಿಯಿಂದ. ಮೊದಲ ವಾರಗಳಲ್ಲಿ ಬಾಯಿಗೆ ಬಟ್ಟೆ, ಮನೆಗೆ ತೆರೆದ ಕಿಟಕಿ ಇರಲಿ. ಮನೆಯ ಎಲ್ಲರೂ, ಮುಖ್ಯವಾಗಿ ಚಿಕ್ಕ ಮಕ್ಕಳು, ಪರೀಕ್ಷೆ ಮಾಡಿಸಿಕೊಳ್ಳಲಿ. ಗೋಡೆಯ ಕ್ಯಾಲೆಂಡರಿನಲ್ಲಿ ನುಂಗಿದ ದಿನಕ್ಕೆ ಗುರುತು ಹಾಕುವ ಕೆಲಸ ಮನೆಯವರೊಬ್ಬರು ವಹಿಸಿಕೊಂಡರೆ, ಮೂರನೇ ತಿಂಗಳ 'ಆರಾಮ ಆಗೇತಿ' ಎಂಬ ಮಾತಿಗೆ ಆ ಕ್ಯಾಲೆಂಡರೇ ಉತ್ತರ ಕೊಡುತ್ತದೆ.