ಕರಡು ಚಿತ್ರ ನನ್ನದು, ಮುಖ ಫೋಟೋದ್ದು: ಒಂದು ಬೋಧನೋಪಕರಣವನ್ನು ಎರಡು ಬಾರಿ ಬರೆದ ಅನುಭವ

ಅಭ್ಯಾಸ ಬೋಧನೆಯಲ್ಲಿ ಹತ್ತನೇ ತರಗತಿಗೆ ಬೆಳಕಿನ ಚದುರುವಿಕೆ ಪಾಠ ನನಗೆ ಬಂದಿತ್ತು. ಪೀಠಿಕೆಗೆ ಸಿ.ವಿ. ರಾಮನ್ ಅವರ ಹಡಗಿನ ಪ್ರಸಂಗವನ್ನು ಆರಿಸಿಕೊಂಡೆ. 1921ರಲ್ಲಿ ಇಂಗ್ಲೆಂಡಿನಿಂದ 'ನರ್ಕುಂಡ' ಹಡಗಿನಲ್ಲಿ ಮರಳುವಾಗ ಅವರು ನಿಕಲ್ ಪ್ರಿಸಂ ಎಂಬ ಚಿಕ್ಕ ಉಪಕರಣದ ಮೂಲಕ ಸಮುದ್ರವನ್ನು ನೋಡಿದರು. ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಆಕಾಶದ ಬೆಳಕನ್ನು ಪ್ರಿಸಂ ತಡೆದ ಮೇಲೂ ಸಮುದ್ರ ನೀಲಿಯಾಗಿಯೇ ಕಂಡಿತು. ಹಾಗಾದರೆ ಆ ನೀಲಿ ಬರೀ ಆಕಾಶದ ಪ್ರತಿಬಿಂಬವಲ್ಲ, ನೀರು ತಾನೇ ಬೆಳಕನ್ನು ಚದುರಿಸುತ್ತದೆ ಎಂಬುದು ಅವರ ವಾದ. ಈ ಒಂದು ಕ್ಷಣವನ್ನು ಡ್ರಾಯಿಂಗ್ ಶೀಟಿನ ಮೇಲೆ ಬರೆದು ತೋರಿಸಬೇಕೆಂದುಕೊಂಡೆ. ನನ್ನ ಬಳಿ ಇದ್ದದ್ದು ನೋಟ್‌ಬುಕ್ಕಿನಲ್ಲಿ ಗೀಚಿದ ಕರಡು ಮತ್ತು ಪುಸ್ತಕವೊಂದರಿಂದ ಪ್ರತಿ ಮಾಡಿಸಿದ ರಾಮನ್ ಅವರ ಒಂದು ಫೋಟೋ.

ಮೊದಲ ಚಿತ್ರ ಹೇಳಿದ ತಪ್ಪು ಪಾಠ

ಆ ಫೋಟೋದಲ್ಲಿ ಮುಖ ಮುಕ್ಕಾಲು ಭಾಗ ನಮ್ಮ ಕಡೆಗಿತ್ತು, ದೃಷ್ಟಿ ನೇರವಾಗಿತ್ತು. ಅದನ್ನು ಚೌಕಗಳ ಸಹಾಯದಿಂದ ಶ್ರದ್ಧೆಯಿಂದ ನಕಲು ಮಾಡಿದೆ. ಕರಡಿನಲ್ಲಿದ್ದ ಹಡಗಿನ ಕಟಕಟೆ, ಕೋಟು, ಕೈ, ಸಮುದ್ರವನ್ನು ಅದರ ಸುತ್ತ ಜೋಡಿಸಿದೆ. ಮುಖ ಚೆನ್ನಾಗಿ ಹೋಲುತ್ತದೆ ಎಂದು ಸಹಪಾಠಿಗಳೆಲ್ಲ ಹೇಳಿದರು. ತರಗತಿಯಲ್ಲಿ ನೇತುಹಾಕಿ, "ಇವರು ಏನು ಮಾಡ್ತಿದ್ದಾರೆ?" ಎಂದು ಕೇಳಿದೆ.

"ದುರ್ಬೀನಲ್ಲಿ ದೂರದ ಹಡಗು ನೋಡ್ತಿದ್ದಾರೆ ಮಿಸ್," ಎಂದಳು ಮುಂದಿನ ಬೆಂಚಿನ ಹುಡುಗಿ. ಇನ್ನೊಬ್ಬ, "ಅವರು ಅಷ್ಟು ಎತ್ತರ ಇದ್ರಾ ಮಿಸ್?" ಎಂದು ಕೇಳಿದ. ಪಾಠದ ಕೊನೆಯಲ್ಲಿ ಸಮುದ್ರ ಏಕೆ ನೀಲಿ ಎಂದು ಕೇಳಿದಾಗ ಬಹಳ ಮಕ್ಕಳು ಬರೆದ ಉತ್ತರ: ಆಕಾಶದ ಪ್ರತಿಬಿಂಬ. ರಾಮನ್ ಅಲ್ಲಗಳೆದ ಉತ್ತರವನ್ನೇ ನನ್ನ ಚಿತ್ರ ಗಟ್ಟಿ ಮಾಡಿತ್ತು.

ವೀಕ್ಷಣೆಗೆ ಕುಳಿತಿದ್ದ ಮಾರ್ಗದರ್ಶಕ ಮೇಡಂ ಪಾಠದ ನಂತರ ಒಂದೇ ಮಾತು ಕೇಳಿದರು: "ಮುಖವನ್ನು ಎಲ್ಲಿಂದ ನೋಡಿ ಬರೆದಿರಿ, ಸಮುದ್ರವನ್ನು ಎಲ್ಲಿಂದ ನೋಡಿ ಬರೆದಿರಿ?" ಆ ಪ್ರಶ್ನೆಯನ್ನು ಹಿಡಿದು ಚಿತ್ರವನ್ನು ಮತ್ತೆ ನೋಡಿದಾಗ ಮೂರು ತಪ್ಪು ಸಿಕ್ಕವು. ದೃಷ್ಟಿಯ ಕೋನ ಒಂದು, ನೋಡುವವರ ಕಣ್ಣಿನ ಮಟ್ಟ ಇನ್ನೊಂದು, ಬೆಳಕು ಬರುವ ದಿಕ್ಕು ಮೂರನೆಯದು. ಮೂರರಲ್ಲೂ ಫೋಟೋ ಒಂದು ಹೇಳುತ್ತಿತ್ತು, ಕರಡು ಇನ್ನೊಂದು.

ದೃಷ್ಟಿಯ ಕೋನ: ನಾಲ್ಕು ಚೌಕ ಆಚೆ, ಮೂರು ಚೌಕ ಕೆಳಗೆ

ನೀರಿನಿಂದ ಪ್ರತಿಫಲಿಸುವ ಬೆಳಕನ್ನು ಪ್ರಿಸಂ ಪೂರ್ತಿ ತಡೆಯುವುದು ಒಂದೇ ಕೋನದಲ್ಲಿ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 4/3. ಆ ಕೋನದ ಟ್ಯಾಂಜೆಂಟ್ ಬೆಲೆಯೂ ಅದೇ ಆಗಿರಬೇಕು. ಲೆಕ್ಕ ಹಾಕಿದರೆ ಲಂಬದಿಂದ ಸುಮಾರು 53 ಡಿಗ್ರಿ, ಅಂದರೆ ದೃಷ್ಟಿ ಅಡ್ಡರೇಖೆಯಿಂದ 37 ಡಿಗ್ರಿ ಕೆಳಗೆ ಹೋಗಬೇಕು. ಚೌಕ ಹಾಕಿದ ಹಾಳೆಯಲ್ಲಿ ಇದಕ್ಕೆ ಕೋನಮಾಪಕವೂ ಬೇಡ. ಕಣ್ಣಿನಿಂದ ನಾಲ್ಕು ಚೌಕ ಆಚೆ ಹೋಗಿ ಮೂರು ಚೌಕ ಕೆಳಗಿಳಿದು ಗೆರೆ ಎಳೆದರೆ ಆಯಿತು. ನನ್ನ ಮೊದಲ ಚಿತ್ರದಲ್ಲಿ ದೃಷ್ಟಿ ನೇರ ದಿಗಂತಕ್ಕಿತ್ತು. ಮಕ್ಕಳಿಗೆ ದುರ್ಬೀನು ಕಂಡದ್ದು ಸಹಜವೇ.

ಹಾಗಾದರೆ ಅದೇ ಫೋಟೋದ ತಲೆಯನ್ನು ಬಗ್ಗಿಸಿ ಬರೆಯಬಹುದೇ? ಮುಕ್ಕಾಲು ಮುಖದ ಫೋಟೋದಲ್ಲಿ ಅದು ಆಗುವುದಿಲ್ಲ. ತಲೆ ಬಗ್ಗಿದಾಗ ನಮಗೆ ಕಾಣುವ ಆಕಾರವೇ ಬದಲಾಗುತ್ತದೆ. ಪೇಟದ ಮೇಲ್ಭಾಗ ಹೆಚ್ಚು ಕಾಣುತ್ತದೆ, ಮೂಗಿನ ಕೆಳಗಿನ ಭಾಗ ಕುಗ್ಗುತ್ತದೆ, ಕಿವಿ ಕಣ್ಣಿಗಿಂತ ಮೇಲೆ ಹೋದಂತೆ ತೋರುತ್ತದೆ. ಅದಾವುದೂ ಫೋಟೋದಲ್ಲಿಲ್ಲ; ಊಹಿಸಿ ಬರೆದರೆ ಹೋಲಿಕೆ ಹೋಗುತ್ತದೆ. ಪಕ್ಕದಿಂದ ತೆಗೆದ ಮುಖದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ತಲೆ ಬಗ್ಗುವುದೆಂದರೆ ಚಿತ್ರವನ್ನು ಹಾಳೆಯ ಮೇಲೆ ತಿರುಗಿಸಿದಷ್ಟೇ. ಆದ್ದರಿಂದ ಗ್ರಂಥಾಲಯದಲ್ಲಿ ಹುಡುಕಿ ಅವರ ಪಾರ್ಶ್ವಮುಖದ ಫೋಟೋ ಒಂದರ ಪ್ರತಿ ತಂದೆ.

ಅದರಲ್ಲಿ ಅವರು ಬಲಕ್ಕೆ ತಿರುಗಿದ್ದರು. ನನ್ನ ಕರಡಿನಲ್ಲಿ ಸಮುದ್ರ ಎಡಕ್ಕಿತ್ತು. ಫೋಟೋವನ್ನೇ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಬಿಡೋಣ ಎನಿಸಿತು. ಆದರೆ ಯಾರ ಮುಖವೂ ಎರಡು ಬದಿಗೆ ಒಂದೇ ಸಮ ಇರುವುದಿಲ್ಲ. ಗಂಡಸರ ಕೋಟಿನ ಗುಂಡಿಗಳೂ ತಪ್ಪು ಬದಿಗೆ ಹೋಗುತ್ತವೆ. ಕರಡು ನನ್ನದು, ಮುಖ ಅವರದು. ಆದ್ದರಿಂದ ಕರಡನ್ನೇ ತಿರುಗಿಸಿ ಸಮುದ್ರವನ್ನು ಬಲಕ್ಕೆ ತಂದೆ.

ಎರಡು ಅಳತೆ, ಎರಡು ಹಾಳೆ

ಶೀಟಿನ ಅಳತೆ 56 ಸೆಂ.ಮೀ. ಎತ್ತರ, 76 ಸೆಂ.ಮೀ. ಅಗಲ. ಹೊಸ ಕರಡನ್ನು 14 x 19 ಸೆಂ.ಮೀ. ಚೌಕಟ್ಟಿನೊಳಗೆ ಬರೆದೆ, ಆಗ ಎಲ್ಲವನ್ನೂ ಸರಿಯಾಗಿ ನಾಲ್ಕು ಪಟ್ಟು ಮಾಡಿದರೆ ಸಾಕು. ಕರಡಿನ ಮೇಲೆ 1 ಸೆಂ.ಮೀ. ಚೌಕ, ಶೀಟಿನ ಮೇಲೆ 4 ಸೆಂ.ಮೀ. ಚೌಕ. ಕರಡಿನಲ್ಲಿ ಪೇಟದ ತುದಿಯಿಂದ ಗಲ್ಲದವರೆಗೆ 3 ಸೆಂ.ಮೀ. ಇತ್ತು, ಶೀಟಿನಲ್ಲಿ 12 ಆಗಬೇಕು. ಫೋಟೋದಲ್ಲಿ ಅದೇ ಅಳತೆ 4 ಸೆಂ.ಮೀ., ಅಂದರೆ ಫೋಟೋಗೆ ಮೂರು ಪಟ್ಟು ಸಾಕು. ಮೊದಲ ಬಾರಿ ಎರಡಕ್ಕೂ ಒಂದೇ ಚೌಕ ಬಳಸಿ ತಲೆ ಭುಜಕ್ಕಿಂತ ದಪ್ಪವಾಗಿತ್ತು.

ಈ ಬಾರಿ ಮುಖವನ್ನು ಬೇರೆ ಹಾಳೆಯ ಮೇಲೆ 3 ಸೆಂ.ಮೀ. ಚೌಕದಲ್ಲಿ ಬರೆದೆ. ಕಣ್ಣು, ಮೂಗು, ತುಟಿ ಇರುವ ಚೌಕಗಳನ್ನು ಮಾತ್ರ ಮತ್ತೆ ನಾಲ್ಕಾಗಿ ಒಡೆದುಕೊಂಡೆ. ನಂತರ ಕತ್ತರಿಸಿ ಶೀಟಿನ ಮೇಲಿಟ್ಟು, ಕಿವಿಯ ಬಳಿ ಗುಂಡುಸೂಜಿ ಚುಚ್ಚಿ, ಸುಮಾರು 20 ಡಿಗ್ರಿ ಮುಂದಕ್ಕೆ ಬಗ್ಗಿಸಿದೆ. ಉಳಿದ 17 ಡಿಗ್ರಿಯನ್ನು ಕಣ್ಣುಗುಡ್ಡೆ ಇಳಿಸಿ, ರೆಪ್ಪೆ ಸ್ವಲ್ಪ ಮುಚ್ಚಿ ತೋರಿಸಿದೆ. ನಾವು ಕೆಳಗೆ ನೋಡುವಾಗ ತಲೆ, ಕಣ್ಣು ಎರಡೂ ಹೀಗೆ ಹಂಚಿಕೊಳ್ಳುತ್ತವೆ. ಎಲ್ಲವನ್ನೂ ತಲೆಗೇ ಬಿಟ್ಟರೆ ವ್ಯಕ್ತಿ ತೂಕಡಿಸುತ್ತಿರುವಂತೆ ಕಾಣುತ್ತದೆ. ಕಾಲರ್ ಮಾತ್ರ ಭುಜದ ಜೊತೆ ಇದ್ದಲ್ಲೇ ಇರಬೇಕು, ಕತ್ತಿನ ಗೆರೆ ಹೊಸದಾಗಿ ಬರೆಯಬೇಕು. ಜಾಗ ನಿಶ್ಚಯವಾದ ಮೇಲೆ ಹಾಳೆಯ ಹಿಂಬದಿಗೆ 4ಬಿ ಪೆನ್ಸಿಲ್ ತಿಕ್ಕಿ, ಮುಂಬದಿಯ ಗೆರೆಗಳ ಮೇಲೆ ಒತ್ತಿ ಬರೆದು ಶೀಟಿಗೆ ಇಳಿಸಿದೆ. ಪ್ರಿಸಂ ಹಿಡಿದ ಕೈಗೆ ಸಹಪಾಠಿಯೊಬ್ಬಳು ಕಾರಿಡಾರಿನ ಕಟಕಟೆ ಬಳಿ ಪೆನ್ನಿನ ಮುಚ್ಚಳ ಹಿಡಿದು ನಿಂತಳು.

ದಿಗಂತ ಎಲ್ಲಿ?

ಸಮುದ್ರದ ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲಿ ಕಾಣುತ್ತದೆ. ಫೋಟೋ ತೆಗೆದವರ ಕ್ಯಾಮೆರಾ ರಾಮನ್ ಅವರ ಕಣ್ಣಿನ ಎತ್ತರದಲ್ಲೇ ಇತ್ತು. ಗಲ್ಲದ ಅಡಿಭಾಗವೂ ಕಾಣುವುದಿಲ್ಲ, ಪೇಟದ ನೆತ್ತಿಯೂ ಕಾಣುವುದಿಲ್ಲ ಎಂಬುದರಿಂದ ಇದು ತಿಳಿಯುತ್ತದೆ. ಹಾಗಿದ್ದರೆ ಚಿತ್ರದಲ್ಲಿ ದಿಗಂತದ ಗೆರೆ ಅವರ ಕಣ್ಣಿನ ಮಟ್ಟದಲ್ಲೇ ಹಾಯಬೇಕು. ಮೊದಲ ಚಿತ್ರದಲ್ಲಿ ನಾನು ಅದನ್ನು ಸೊಂಟದ ಬಳಿ ಎಳೆದಿದ್ದೆ. ನೋಡುವವರು ನೆಲದಲ್ಲಿ ಕುಳಿತಂತೆ ಸಮುದ್ರ, ಎದುರು ನಿಂತಂತೆ ಮುಖ. ಅವರು ದೈತ್ಯರಂತೆ ಕಂಡದ್ದು ಇದರಿಂದಲೇ. ಗೆರೆಯನ್ನು ಮೇಲೆತ್ತಿದ್ದರಿಂದ ನೀರಿಗೆ ಹೆಚ್ಚು ಜಾಗವೂ ಸಿಕ್ಕಿತು.

ಸೂರ್ಯನನ್ನು ಫೋಟೋದಿಂದ ತಿಳಿಯುವುದು

ಕಣ್ಣು ಅರ್ಧ ಮುಚ್ಚಿ ಫೋಟೋ ನೋಡಿದರೆ ಸಣ್ಣ ವಿವರಗಳೆಲ್ಲ ಅಳಿಸಿ ಬೆಳಕು, ಮಧ್ಯಮ, ನೆರಳು ಎಂಬ ಮೂರು ಮಟ್ಟ ಉಳಿಯುತ್ತವೆ. ಮೂಗಿನ ನೆರಳು ಮತ್ತು ಗಲ್ಲದ ಕೆಳಗಿನ ನೆರಳು ಬೆಳಕಿನ ದಿಕ್ಕು ಹೇಳುತ್ತವೆ. ನನ್ನ ಫೋಟೋದಲ್ಲಿ ಬೆಳಕು ಮುಖದ ಮುಂದಿನಿಂದ, ಸುಮಾರು 45 ಡಿಗ್ರಿ ಮೇಲಿನಿಂದ ಬರುತ್ತಿತ್ತು. ಅದನ್ನು ಮುಖದ ಹಾಳೆಯ ಮೇಲೆ ಬಾಣವಾಗಿ ಬರೆದುಕೊಂಡಿದ್ದೆ. ತಲೆಯನ್ನು 20 ಡಿಗ್ರಿ ಬಗ್ಗಿಸಿದಾಗ ಬಾಣವೂ ತಿರುಗಿ 25 ಡಿಗ್ರಿಗೆ ಇಳಿಯಿತು. ಇದನ್ನು ಗಮನಿಸದೆ ನಡುಮಧ್ಯಾಹ್ನದ ಸೂರ್ಯನನ್ನು ಹಾಕಿದ್ದರೆ ಮತ್ತೆ ಮುಖಕ್ಕೊಂದು ಬೆಳಕು, ಕೋಟಿಗೊಂದು ಬೆಳಕು ಆಗುತ್ತಿತ್ತು. ಶೀಟಿನ ಅಂಚಿನಲ್ಲಿ ಅದೇ ಬಾಣವನ್ನು ಪೆನ್ಸಿಲಿನಲ್ಲಿ ಎಳೆದು, ಕೈ, ಕೋಟಿನ ಮಡಿಕೆ, ಕಟಕಟೆಯ ನೆರಳುಗಳನ್ನೆಲ್ಲ ಅದಕ್ಕೆ ತಕ್ಕಂತೆ ಹಾಕಿದೆ.

ಬಣ್ಣದಲ್ಲಿ ಮೊದಲು ಆಕಾಶ, ನಂತರ ಸಮುದ್ರ, ಕೊನೆಗೆ ವ್ಯಕ್ತಿ. ಆಕಾಶವನ್ನು ತೀರಾ ತೆಳುವಾಗಿ ಬಿಟ್ಟು ಸಮುದ್ರವನ್ನು ಗಾಢ ನೀಲಿ ಮಾಡಿದೆ, ಒಂದು ಇನ್ನೊಂದರ ಪ್ರತಿಬಿಂಬ ಅನ್ನಿಸಬಾರದೆಂದು. ಮುಖಕ್ಕೂ ಕೋಟಿಗೂ ಸಮುದ್ರಕ್ಕೂ ಮೂರೇ ಮಟ್ಟದ ಬಣ್ಣ. ಮೊದಲ ಚಿತ್ರದಲ್ಲಿ ಮುಖಕ್ಕೆ ಮಾತ್ರ ಫೋಟೋದ ಸೂಕ್ಷ್ಮ ಛಾಯೆಗಳನ್ನೆಲ್ಲ ತುಂಬಿದ್ದರಿಂದ ಅದು ಕತ್ತರಿಸಿ ಅಂಟಿಸಿದಂತೆ ಕಂಡಿತ್ತು. ಈ ಬಾರಿ ಕೆನ್ನೆಯ ಸಣ್ಣ ಗೆರೆಗಳನ್ನು ಬಿಟ್ಟೆ. ಗಲ್ಲದ ಕೆಳಗಿನ ನೆರಳಿಗೆ ಸಮುದ್ರದ ನೀಲಿಯನ್ನೇ ತೆಳುವಾಗಿ ಬೆರೆಸಿದಾಗ ಮುಖ ಹಡಗಿನ ಮೇಲೆ ನಿಂತಿತು.

ಎರಡನೆಯ ಪಾಠ

ಇನ್ನೊಂದು ವಿಭಾಗದಲ್ಲಿ ಅದೇ ಪ್ರಶ್ನೆ ಕೇಳಿದೆ. "ಕೆಳಗೆ ನೀರನ್ನ ಏನೋ ಇಟ್ಕೊಂಡು ನೋಡ್ತಿದ್ದಾರೆ," ಎಂಬ ಉತ್ತರ ಬಂತು. "ದೂರ ನೋಡದೆ ಕೆಳಗೇ ಯಾಕೆ ನೋಡ್ತಿದ್ದಾರೆ?" ಎಂದು ಒಬ್ಬ ಹುಡುಗ ತಾನಾಗಿ ಕೇಳಿದ. ನಾನು ಪಾಠ ಯೋಜನೆಯಲ್ಲಿ ಬರೆದುಕೊಂಡಿದ್ದ ಪ್ರಶ್ನೆ ಅದೇ. ಪ್ರತಿಬಿಂಬ ಎಂಬ ಉತ್ತರ ಪೂರ್ತಿ ಹೋಗಲಿಲ್ಲ, ಆದರೆ ಈ ಬಾರಿ ಅದನ್ನು ಹೇಳಿದವರೊಡನೆ ವಾದ ಮಾಡಲು ಚಿತ್ರದಲ್ಲಿ ಆಧಾರವಿತ್ತು.

ಕೊರತೆ ಒಂದು ಉಳಿದಿತ್ತು. ಪ್ರಿಸಂ ಬೆರಳಿನಷ್ಟೇ ಚಿಕ್ಕದಾದ್ದರಿಂದ ಹಿಂದಿನ ಬೆಂಚಿಗೆ ಕಾಣಲಿಲ್ಲ. ಅದನ್ನೇ ದೊಡ್ಡದು ಮಾಡಿದರೆ ಮತ್ತೆ ದುರ್ಬೀನಾಗುತ್ತದೆ. ಹಾಗಾಗಿ ಮೂಲೆಯ ವೃತ್ತದಲ್ಲಿ ಅದರ ದೊಡ್ಡ ಚಿತ್ರವನ್ನು ಬೇರೆಯಾಗಿ ಸೇರಿಸಿದೆ. ಕೆಳಗೆ ಒಂದು ಸಾಲನ್ನೂ ಬರೆದೆ: 'ಕಲ್ಪಿಸಿ ಬರೆದ ದೃಶ್ಯ. ಮುಖ ನಂತರದ ವರ್ಷಗಳ ಫೋಟೋ ನೋಡಿ ಬರೆದದ್ದು.' 1921ರಲ್ಲಿ ಅವರಿಗೆ ಇನ್ನೂ 33 ತುಂಬಿರಲಿಲ್ಲ. ಆ ಕ್ಷಣದ ಫೋಟೋವೇ ಇದು ಎಂದು ಮಕ್ಕಳು ನಂಬಿಕೊಂಡು ಹೋಗಬಾರದು.

ಆ ಸಾಲನ್ನು ಓದಿದ ಹುಡುಗಿಯೊಬ್ಬಳು, "ಹಾಗಾದ್ರೆ ಇದರಲ್ಲಿ ಯಾವುದು ನಿಜ ಮಿಸ್?" ಎಂದು ಕೇಳಿದಳು. ಕಣ್ಣಿನಿಂದ ನೀರಿಗೆ ಎಳೆದಿದ್ದ ಗೆರೆಯನ್ನು ತೋರಿಸಿದೆ. ಅವಳು ಸ್ಕೇಲ್ ತಂದು ಅಳೆದಳು: ಆಚೆಗೆ 16, ಕೆಳಗೆ 12.