ಖಾತೆ ಅಳಿಸಿದರೆ ವಿಳಾಸವೂ ಅಳಿಯುತ್ತದೆಯೇ?

ಪ್ರಶ್ನೆ: ಆರೇಳು ವರ್ಷಗಳಿಂದ ಸಾಮಾನು ತರಿಸುತ್ತಿದ್ದ ಶಾಪಿಂಗ್ ಆ್ಯಪ್‌ನವರು ಗ್ರಾಹಕರ ಮಾಹಿತಿ ಸೋರಿಕೆಯಾಗಿದೆ ಎಂದು ಇಮೇಲ್ ಕಳಿಸಿದ್ದಾರೆ. ಅದರಲ್ಲಿ ನಮ್ಮ ಮನೆ, ಆಫೀಸು, ಹುಬ್ಬಳ್ಳಿಯ ತವರುಮನೆಯ ವಿಳಾಸಗಳಿವೆ. ಖಾತೆಯನ್ನೇ ಅಳಿಸಿಬಿಟ್ಟರೆ ಎಲ್ಲವೂ ಹೋಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸೋರಿಹೋದದ್ದು ಮರಳಿ ಬರುವುದಿಲ್ಲ. ಮುಂದೊಮ್ಮೆ ಸೋರಿದಾಗ ನಿಮ್ಮ ಮಾಹಿತಿ ಅಲ್ಲಿ ಆದಷ್ಟು ಕಡಿಮೆ ಇರುವಂತೆ ಮಾಡಬಹುದು. ಆದರೆ ಖಾತೆ ಅಳಿಸುವುದು ಕೊನೆಯ ಕೆಲಸ.

ಇಂಥ ಸೂಚನೆಯ ವೇಷದಲ್ಲಿ ಮೋಸದ ಮೇಲ್‌ಗಳೂ ಬರುವುದರಿಂದ ಅದರಲ್ಲಿರುವ ಲಿಂಕ್ ಒತ್ತಬೇಡಿ. ನೇರವಾಗಿ ಆ್ಯಪ್ ತೆರೆದು ಪಾಸ್‌ವರ್ಡ್ ಬದಲಿಸಿ. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲಿಯೂ ಬದಲಿಸಿ. ವಾರಂಟಿ ಮುಗಿಯದ ಸಾಮಾನುಗಳ ಬಿಲ್ ಇಳಿಸಿಕೊಳ್ಳಿ. ಬರಬೇಕಾದ ರಿಫಂಡ್, ವ್ಯಾಲೆಟ್‌ನಲ್ಲಿರುವ ಹಣ ಇತ್ಯರ್ಥವಾಗಲಿ. ಖಾತೆ ಹೋದ ಮೇಲೆ ಇವನ್ನು ಕೇಳಿ ಪಡೆಯುವುದು ಕಷ್ಟ.

ಈಗ ವಿಳಾಸದ ವಿಷಯ. ಅದು ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ. ಒಂದು, ನೀವು ಉಳಿಸಿಟ್ಟ ವಿಳಾಸಗಳ ಪಟ್ಟಿ. ಇದನ್ನು ನೀವೇ ಒಂದೊಂದಾಗಿ ಅಳಿಸಬಹುದು. ಇನ್ನೊಂದು, ಪ್ರತಿ ಆರ್ಡರ್‌ನೊಳಗಿನ ಪ್ರತಿ. ತವರಿಗೆ ಮಿಕ್ಸಿ ಕಳಿಸಿದ್ದರೆ, ಪಟ್ಟಿಯಿಂದ ಹುಬ್ಬಳ್ಳಿಯ ವಿಳಾಸ ತೆಗೆದರೂ ಆ ಹಳೆಯ ಆರ್ಡರ್ ತೆರೆದಾಗ ಅದು ಹಾಗೇ ಕಾಣುತ್ತದೆ. ಆರ್ಡರ್ ಇತಿಹಾಸ ಹೋಗಬೇಕಾದರೆ ಖಾತೆಯೇ ಅಳಿಯಬೇಕು. Deactivate ಎಂದರೆ ಖಾತೆಗೆ ಬೀಗ ಹಾಕಿದಂತೆ, ಒಳಗಿನದು ಅಲ್ಲೇ ಇರುತ್ತದೆ. ನೀವು ಹುಡುಕಬೇಕಾದದ್ದು Delete Account.

ಆಗಲೂ ಬಿಲ್‌ಗಳು ಉಳಿಯುತ್ತವೆ. ಜಿಎಸ್‌ಟಿ ಕಾನೂನಿನಂತೆ ಮಾರಾಟದ ಲೆಕ್ಕಪತ್ರವನ್ನು ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಬಿಲ್ ಮೇಲಿನ ಹೆಸರು, ವಿಳಾಸ ಅಲ್ಲಿಯವರೆಗೆ ಇರಬಹುದು. ಹುಡುಕಿದ ವಸ್ತುಗಳ ಪಟ್ಟಿ, ವಿಶ್‌ಲಿಸ್ಟ್, ಉಳಿಸಿದ ವಿಳಾಸಗಳಿಗೆ ಈ ನೆಪ ಹೊಂದುವುದಿಲ್ಲ.

ಆದ್ದರಿಂದ ಖಾತೆ ಅಳಿಸುವ ದಿನವೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಮೇಲ್ ಬರೆಯಿರಿ: ‘ನನ್ನ ಖಾತೆ, ವಿಳಾಸಗಳು, ಆರ್ಡರ್ ಇತಿಹಾಸ ಅಳಿಸಿ. ಏನನ್ನು ಉಳಿಸಿಕೊಳ್ಳುತ್ತೀರಿ, ಯಾವ ಕಾನೂನಿನಡಿ, ಎಲ್ಲಿಯವರೆಗೆ ಎಂದು ತಿಳಿಸಿ.’ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು.

ತಿಂಗಳ ಬಳಿಕ ಪರೀಕ್ಷಿಸಿ. ಹಳೆಯ ಇಮೇಲ್ ಹಾಕಿ Forgot Password ಒತ್ತಿದಾಗ ಪಾಸ್‌ವರ್ಡ್ ಬದಲಿಸುವ ಲಿಂಕ್ ಬಂದರೆ ಖಾತೆ ಇನ್ನೂ ಇದೆ ಎಂದರ್ಥ. ಫೋನ್ ನಂಬರಿನಿಂದ ಲಾಗಿನ್ ಮಾಡಿ ನೋಡಬೇಡಿ. ಕೆಲವು ಆ್ಯಪ್‌ಗಳು ಆಗ ಹೊಸ ಖಾತೆಯನ್ನೇ ತೆರೆಯುತ್ತವೆ.

ಇಂದೇ ಹುಬ್ಬಳ್ಳಿಗೂ ಫೋನ್ ಮಾಡಿ. ಯಾರಾದರೂ ಮಿಕ್ಸಿಯ ಹೆಸರು, ಮನೆ ನಂಬರು ಸರಿಯಾಗಿ ಹೇಳಿ ಒಟಿಪಿ ಕೇಳಿದರೆ, ಅಷ್ಟು ಗೊತ್ತಿದೆ ಎಂಬ ಕಾರಣಕ್ಕೆ ಅವರನ್ನು ನಂಬಬಾರದೆಂದು ಮನೆಯವರಿಗೆ ತಿಳಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಲಿ.